ಸಂಕೇತಗಳಲ್ಲಿ ಅಡಗಿದ ರಕ್ತಸಂಬಂಧ: ವಂಶವೃಕ್ಷ ಬರೆದು ಬಿಡಿಸುವ ಕ್ರಮ

ನೇಮಕಾತಿ ಪರೀಕ್ಷೆಗಳ ತಾರ್ಕಿಕ ಸಾಮರ್ಥ್ಯ ವಿಭಾಗದಲ್ಲಿ ರಕ್ತಸಂಬಂಧದ ಪ್ರಶ್ನೆಗಳೂ ಕೋಡಿಂಗ್-ಡಿಕೋಡಿಂಗ್ ಪ್ರಶ್ನೆಗಳೂ ಸಾಮಾನ್ಯವಾಗಿ ಬೇರೆ ಬೇರೆಯಾಗಿ ಬರುತ್ತವೆ. ಅಕ್ಷರಗಳನ್ನು ಮುಂದಕ್ಕೋ ಹಿಂದಕ್ಕೋ ಸರಿಸುವ ಕೋಡಿಂಗ್ ಪ್ರಶ್ನೆಗೆ ವಂಶವೃಕ್ಷದ ಅಗತ್ಯವಿಲ್ಲ. ವಾಕ್ಯರೂಪದಲ್ಲಿರುವ ಸಂಬಂಧದ ಪ್ರಶ್ನೆಯನ್ನು ಅಭ್ಯಾಸವಿದ್ದವರು ಮನಸ್ಸಿನಲ್ಲೇ ಬಿಡಿಸಿಬಿಡುತ್ತಾರೆ. ಎಡವುವುದು ಇವೆರಡೂ ಒಂದೇ ಪ್ರಶ್ನೆಯಲ್ಲಿ ಸೇರಿಕೊಂಡಾಗ, ಅಂದರೆ ತಂದೆ, ಹೆಂಡತಿ, ಮಗಳು ಎಂಬ ಮಾತುಗಳ ಜಾಗದಲ್ಲಿ ಕೂಡು, ಕಳೆ, ಗುಣಿಸು, ಭಾಗಿಸು ಚಿಹ್ನೆಗಳು ಬಂದು ಕುಳಿತಾಗ. ಈ ಬರಹದ ವಿಷಯ ಅಂತಹ ಪ್ರಶ್ನೆಗಳು ಮಾತ್ರ.

ಬರಹದುದ್ದಕ್ಕೂ ಒಂದೇ ನಿಯಮಪಟ್ಟಿಯನ್ನು ಬಳಸೋಣ.

```
P + Q : P ಯು Q ಯ ತಂದೆ
P − Q : P ಯು Q ಯ ಹೆಂಡತಿ
P × Q : P ಯು Q ಯ ಸಹೋದರ
P ÷ Q : P ಯು Q ಯ ಮಗಳು
```

ಪ್ರಶ್ನೆ ಹೀಗಿದೆ ಎಂದುಕೊಳ್ಳಿ: `K ÷ L − M × N + T` ಆಗಿದ್ದರೆ K ಯು T ಗೆ ಏನಾಗಬೇಕು?

ಅನೇಕರು ಇದನ್ನು ಮೊದಲು ವಾಕ್ಯವಾಗಿ ಬಿಡಿಸಿಕೊಳ್ಳುತ್ತಾರೆ. "K ಯು L ಯ ಮಗಳು, L ಯು M ಯ ಹೆಂಡತಿ, M ಯು N ಯ ಸಹೋದರ, N ಯು T ಯ ತಂದೆ" ಎಂದು ಪೂರ್ತಿ ಬರೆದು, ಆಮೇಲೆ ಆ ವಾಕ್ಯಗಳಿಂದ ಚಿತ್ರ ಬಿಡಿಸಲು ಹೊರಡುತ್ತಾರೆ. ಇದರಿಂದ ಒಂದೇ ಮಾಹಿತಿಯನ್ನು ಎರಡು ಬಾರಿ ಬರೆದಂತಾಗುತ್ತದೆ. ಸಮಯ ಹೋಗುವುದಲ್ಲದೆ, ಎರಡನೆಯ ಬಾರಿ ಬರೆಯುವಾಗ ತಪ್ಪು ನುಸುಳುವುದಕ್ಕೆ ದಾರಿಯೂ ಆಗುತ್ತದೆ. ಚಿಹ್ನೆಯಿಂದ ನೇರವಾಗಿ ಚಿತ್ರಕ್ಕೆ ಹೋಗಬೇಕು, ನಡುವೆ ವಾಕ್ಯ ಬೇಡ. ಅದಕ್ಕೆ ಬೇಕಾದ ತಯಾರಿಯನ್ನು ಪ್ರಶ್ನೆಯ ಸಾಲನ್ನು ಮುಟ್ಟುವುದಕ್ಕೆ ಮೊದಲೇ ಮಾಡಿಕೊಳ್ಳಬೇಕು.

ನಿಯಮಪಟ್ಟಿಯನ್ನು ಚಿತ್ರವಾಗಿಸುವುದು

ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ಲಿಂಗ ಗೊತ್ತಿಲ್ಲದವರಿಗೆ ಬರೀ ಅಕ್ಷರ ಮತ್ತು ಪಕ್ಕದಲ್ಲೊಂದು ಪ್ರಶ್ನಾರ್ಥಕ ಚಿಹ್ನೆ. ದಾಂಪತ್ಯಕ್ಕೆ ಜೋಡಿ ಗೆರೆ, ಒಡಹುಟ್ಟಿದವರಿಗೆ ಅಡ್ಡವಾದ ಒಂಟಿ ಗೆರೆ, ಹೆತ್ತವರಿಂದ ಮಕ್ಕಳಿಗೆ ಕೆಳಕ್ಕಿಳಿಯುವ ಲಂಬ ಗೆರೆ. ಇಷ್ಟು ಗುರುತುಗಳು ಸಾಕು. ಗಂಡಸಿಗೆ ಕೂಡು ಚಿಹ್ನೆ, ಹೆಂಗಸಿಗೆ ಕಳೆ ಚಿಹ್ನೆ ಹಾಕುವ ಪದ್ಧತಿಯೂ ಬಹಳ ಬಳಕೆಯಲ್ಲಿದೆ, ವಾಕ್ಯರೂಪದ ಪ್ರಶ್ನೆಗಳಿಗೆ ಅದು ಚೆನ್ನಾಗಿಯೇ ಒದಗುತ್ತದೆ. ಆದರೆ ಸಂಕೇತದ ಪ್ರಶ್ನೆಯಲ್ಲಿ ಅವೇ ಚಿಹ್ನೆಗಳು ಸಂಬಂಧವನ್ನು ಸೂಚಿಸುತ್ತಿರುವುದರಿಂದ, ಚಿತ್ರದಲ್ಲಿ ಒಂದು ಅರ್ಥ, ಸಾಲಿನಲ್ಲಿ ಇನ್ನೊಂದು ಅರ್ಥವಾಗಿ ಗೊಂದಲ ತಪ್ಪದು. ನಾನೂ ಬಹಳ ಕಾಲ ಕೂಡು-ಕಳೆಗಳಿಂದಲೇ ಲಿಂಗ ಗುರುತಿಸುತ್ತಿದ್ದೆ. ನಾನೇ ಹಾಕಿದ ಕಳೆ ಚಿಹ್ನೆಯನ್ನು "ಹೆಂಡತಿ" ಎಂದು ಓದಿಕೊಂಡು ಮಗಳನ್ನು ಹೆಂಡತಿಯಾಗಿಸಿದ ಮೇಲೆ ಆ ಅಭ್ಯಾಸ ಬಿಟ್ಟೆ.

ಈಗ ನಾಲ್ಕು ನಿಯಮಗಳ ಪಕ್ಕದಲ್ಲಿ ನಾಲ್ಕು ಸಣ್ಣ ಚಿತ್ರಗಳನ್ನು ಬರೆದುಕೊಳ್ಳಿ. ಇಲ್ಲಿ ಚೌಕಾವರಣವನ್ನು ಚೌಕವೆಂದೂ ದುಂಡಾವರಣವನ್ನು ವೃತ್ತವೆಂದೂ ತಿಳಿಯಬೇಕು.

```
+  : [P] ಮೇಲೆ, Q? ಕೆಳಗೆ
−  : (P)===[Q]
×  : [P]---Q?
÷  : (P) ಕೆಳಗೆ, Q? ಮೇಲೆ
```

ಈ ಪುಟ್ಟ ಕೋಷ್ಟಕದಲ್ಲಿ ಒಂದು ಮುಖ್ಯ ಸಂಗತಿ ಕಣ್ಣಿಗೆ ಬೀಳುತ್ತದೆ. ಪ್ರತಿಯೊಂದು ಚಿಹ್ನೆಯೂ ತನ್ನ ಎಡಗಡೆಯ ವ್ಯಕ್ತಿಯ ಲಿಂಗವನ್ನು ಖಚಿತವಾಗಿ ಹೇಳುತ್ತದೆ; ಬಲಗಡೆಯ ವ್ಯಕ್ತಿಯ ಲಿಂಗವನ್ನು ಹೇಳುವುದು ದಾಂಪತ್ಯದ ಚಿಹ್ನೆ ಮಾತ್ರ. P ಯು ಹೆಂಡತಿಯಾದರೆ Q ಯು ಗಂಡನೇ ಆಗಬೇಕು. ಆದರೆ P ಯು ತಂದೆಯಾದರೆ Q ಮಗನೂ ಆಗಬಹುದು, ಮಗಳೂ ಆಗಬಹುದು. ಈ ಪ್ರಶ್ನೆಗಳಲ್ಲಿ ಒಡ್ಡುವ ಬಲೆಗಳಲ್ಲಿ ಬಹುಪಾಲು ಈ ಒಂದು ಸಂಗತಿಯ ಮೇಲೆಯೇ ನಿಂತಿರುತ್ತವೆ.

ನಿಯಮವನ್ನು ಓದುವಾಗ ವಿಭಕ್ತಿಯ ಕಡೆಗೆ ವಿಶೇಷ ಗಮನವಿರಲಿ. "P ಯು Q ಯ ತಂದೆ" ಎಂಬುದಕ್ಕೂ "P ಯ ತಂದೆ Q" ಎಂಬುದಕ್ಕೂ ನೋಟಕ್ಕೆ ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲ, ಅರ್ಥ ಮಾತ್ರ ತಲೆಕೆಳಗಾಗುತ್ತದೆ. ನಾಲ್ಕು ನಿಯಮಗಳಲ್ಲಿ ಮೂರನ್ನು ಮೊದಲ ರೀತಿಯಲ್ಲಿ ಕೊಟ್ಟು ಒಂದನ್ನು ಎರಡನೆಯ ರೀತಿಯಲ್ಲಿ ಕೊಟ್ಟಿದ್ದರೆ, ಓದುವ ಭರದಲ್ಲಿ ನಾಲ್ಕನ್ನೂ ಒಂದೇ ದಿಕ್ಕಿನಲ್ಲಿ ಓದಿಬಿಡುವುದು ಸಹಜ. ಇದಲ್ಲದೆ ಕನ್ನಡದ ಪ್ರಶ್ನೆಗಳಲ್ಲಿ "Q ನ ತಂದೆ", "Q ಳ ತಂದೆ" ಎಂದು ಮುದ್ರಿಸಿರುವುದೂ ಉಂಟು. ಇಂಗ್ಲಿಷಿನಿಂದ ಬಂದ ಪ್ರಶ್ನೆಯಲ್ಲಿ "ನ" ಎಂಬ ಪ್ರತ್ಯಯ ಅನುವಾದಕರ ಅನುಕೂಲಕ್ಕಾಗಿ ಬಂದದ್ದಾಗಿರಬಹುದೇ ಹೊರತು, Q ಗಂಡಸು ಎಂಬ ಸೂಚನೆಯಲ್ಲ. ಲಿಂಗವನ್ನು ಸಂಬಂಧವಾಚಕದಿಂದ ತೆಗೆದುಕೊಳ್ಳಬೇಕು, ಪ್ರತ್ಯಯದಿಂದ ಅಲ್ಲ.

ಸಾಲನ್ನು ಕೊಂಡಿ ಕೊಂಡಿಯಾಗಿ ಬಿಡಿಸುವುದು

`K ÷ L − M × N + T` ಎಂಬುದು ಗಣಿತದ ಲೆಕ್ಕವಲ್ಲ. ಮೊದಲು ಭಾಗಾಕಾರ, ಆಮೇಲೆ ಗುಣಾಕಾರ ಎಂಬ ಕ್ರಮ ಇಲ್ಲಿ ನಡೆಯುವುದಿಲ್ಲ. ಇದು ನಾಲ್ಕು ಕೊಂಡಿಗಳ ಸರಪಳಿ: `K ÷ L`, `L − M`, `M × N`, `N + T`. ಪ್ರತಿ ಕೊಂಡಿಯೂ ಪಕ್ಕದ ಕೊಂಡಿಯೊಂದಿಗೆ ಒಬ್ಬ ವ್ಯಕ್ತಿಯನ್ನು ಹಂಚಿಕೊಳ್ಳುತ್ತದೆ. ಆದ್ದರಿಂದ ಎಡದಿಂದ ಬಲಕ್ಕೆ ಬರುತ್ತಾ, ಒಂದೊಂದು ಕೊಂಡಿಗೂ ಒಬ್ಬ ಹೊಸ ವ್ಯಕ್ತಿಯನ್ನು ಮಾತ್ರ ಚಿತ್ರಕ್ಕೆ ಸೇರಿಸಬೇಕು.

ಮೊದಲ ಅಕ್ಷರವನ್ನು ಹಾಳೆಯ ನಡುವಿನ ಎತ್ತರದಲ್ಲಿ ಬರೆಯಿರಿ, ಏಕೆಂದರೆ ಸರಪಳಿ ಮೇಲಕ್ಕೆ ಹೋಗುತ್ತದೆಯೋ ಕೆಳಕ್ಕೆ ಹೋಗುತ್ತದೆಯೋ ಆಗ ತಿಳಿದಿರುವುದಿಲ್ಲ. K ಯು ಮಗಳು, ಹಾಗಾಗಿ ವೃತ್ತ. L ಅವಳ ಮೇಲೆ, ಲಿಂಗ ಇನ್ನೂ ತಿಳಿಯದು. ಎರಡನೆಯ ಕೊಂಡಿಯಲ್ಲಿ L ಹೆಂಡತಿ ಎಂದು ಗೊತ್ತಾಗುತ್ತದೆ, ಆದ್ದರಿಂದ L ಗೆ ವೃತ್ತ ಹಾಕಿ, ಪಕ್ಕದಲ್ಲಿ ಜೋಡಿ ಗೆರೆ ಎಳೆದು M ಅನ್ನು ಚೌಕದಲ್ಲಿ ಬರೆಯಿರಿ. ಮೂರನೆಯ ಕೊಂಡಿಯಲ್ಲಿ M ಯಿಂದ ಅಡ್ಡ ಗೆರೆ ಎಳೆದು N. ಕೊನೆಯ ಕೊಂಡಿಯಲ್ಲಿ N ತಂದೆಯಾಗಿರುವುದರಿಂದ ಅವನಿಗೆ ಚೌಕ, ಅವನ ಕೆಳಗೆ T.

```
(L)===[M]---[N]
    |        |
   (K)       T?
```

K ಯಿಂದ ಮೇಲೇರುವ ಗೆರೆ L ಗೆ ಮಾತ್ರ ಸೇರದೆ ದಂಪತಿಯ ಜೋಡಿ ಗೆರೆಯ ನಡುವಿಗೆ ಸೇರಿದೆ. L ಯ ಮಗಳು M ಗೂ ಮಗಳೇ ಎಂಬುದನ್ನು ಪ್ರಶ್ನೆ ಹೇಳಿಲ್ಲ, ಆದರೂ ಈ ಪರೀಕ್ಷೆಗಳು ಅದನ್ನು ಒಪ್ಪಿಕೊಂಡೇ ನಡೆಯುತ್ತವೆ. ಒಬ್ಬರಿಗೆ ಒಬ್ಬರೇ ಸಂಗಾತಿ, ಒಡಹುಟ್ಟಿದವರಿಗೆ ತಂದೆತಾಯಿ ಇಬ್ಬರೂ ಸಮಾನ, ಬೇರೆ ಬೇರೆ ಅಕ್ಷರಗಳು ಬೇರೆ ಬೇರೆ ವ್ಯಕ್ತಿಗಳು: ಈ ಮೂರು ಒಪ್ಪಂದಗಳನ್ನು ಪ್ರಶ್ನಿಸುತ್ತಾ ಕೂರುವುದರಿಂದ ಪ್ರಯೋಜನವಿಲ್ಲ. ಮಲತಾಯಿ, ಮಲಸಹೋದರ ಎಂಬ ಸಾಧ್ಯತೆಗಳನ್ನು ಮನಸ್ಸಿಗೆ ತಂದುಕೊಂಡರೆ ಯಾವ ಪ್ರಶ್ನೆಗೂ ಉತ್ತರವಿರುವುದಿಲ್ಲ.

ಚಿತ್ರದಿಂದ ಉತ್ತರವನ್ನು ಓದುವುದು

"K ಯು T ಗೆ ಏನಾಗಬೇಕು" ಎಂದಾಗ ಬೆರಳನ್ನು T ಮೇಲೆ ಇಟ್ಟು K ಕಡೆಗೆ ನಡೆಸಬೇಕು. "ಗೆ" ಹಚ್ಚಿದವರಿಂದ ಹೊರಟು, ಪ್ರಶ್ನೆಗೆ ಒಳಗಾದವರನ್ನು ತಲುಪುವುದು ಎಂದು ನೆನಪಿಟ್ಟುಕೊಂಡರೆ ಸಾಕು. ಇಲ್ಲಿ ಕನ್ನಡದ ವಾಕ್ಯರಚನೆ ನಮಗೆ ಅನುಕೂಲವಾಗಿಯೇ ಇದೆ, ಏಕೆಂದರೆ ಬೆರಳು ನಡೆದ ಕ್ರಮದಲ್ಲಿಯೇ ಮಾತೂ ಬರುತ್ತದೆ: T ಯ ತಂದೆಯ, ಸಹೋದರನ, ಮಗಳು. ಹಾಗಾದರೆ K ಯು T ಗೆ ದೊಡ್ಡಪ್ಪನ ಅಥವಾ ಚಿಕ್ಕಪ್ಪನ ಮಗಳು; ಆಯ್ಕೆಗಳಲ್ಲಿ ಇದನ್ನು "ಸೋದರ ಸಂಬಂಧಿ" ಎಂದು ಕೊಟ್ಟಿರುತ್ತಾರೆ.

ಈ ನಡಿಗೆಯಲ್ಲಿ ಕೊನೆಗೆ ತಲುಪಿದ ವ್ಯಕ್ತಿಯ ಲಿಂಗ ಮಾತ್ರ ಉತ್ತರಕ್ಕೆ ಬೇಕು. ಹೊರಟ ವ್ಯಕ್ತಿ ಗಂಡಸೋ ಹೆಂಗಸೋ ಎಂಬುದು ಬಹುತೇಕ ಉತ್ತರಗಳಿಗೆ ಬೇಕಾಗಿಲ್ಲ. ಹೀಗಾಗಿ T ಯ ಲಿಂಗ ತಿಳಿಯದಿದ್ದರೂ ಮೇಲಿನ ಪ್ರಶ್ನೆಗೆ ಖಚಿತವಾದ ಉತ್ತರವಿದೆ. ಅದೇ ಚಿತ್ರದಲ್ಲಿ "T ಯು K ಗೆ ಏನಾಗಬೇಕು" ಎಂದು ತಿರುಗಿಸಿ ಕೇಳಿದರೆ, K ಯ ತಂದೆಯ ಸಹೋದರನ "ಮಗು" ಎಂಬಲ್ಲಿಗೆ ಬಂದು ನಿಲ್ಲಬೇಕಾಗುತ್ತದೆ. ಆಗ "ಚಿಕ್ಕಪ್ಪನ ಮಗ" ಎಂಬ ಆಯ್ಕೆ ಎಷ್ಟೇ ಸಹಜವಾಗಿ ಕಂಡರೂ ಅದನ್ನು ಆರಿಸುವಂತಿಲ್ಲ. ಲಿಂಗವನ್ನು ಹೇಳದ "ಸೋದರ ಸಂಬಂಧಿ" ಎಂಬ ಪದ ಆಯ್ಕೆಯಲ್ಲಿದ್ದರೆ ಅದು ಸರಿ. ಅದೂ ಇಲ್ಲದಿದ್ದರೆ "ನಿರ್ಧರಿಸಲು ಸಾಧ್ಯವಿಲ್ಲ" ಎಂಬುದೇ ಉತ್ತರ.

ಒಂದೇ ಸಾಲಿನ ಮೇಲೆ ಎರಡು ಮೂರು ಪ್ರಶ್ನೆಗಳನ್ನು ಕೇಳುವುದುಂಟು. L ಯು T ಗೆ ತಂದೆಯ ಸಹೋದರನ ಹೆಂಡತಿ, ಅಂದರೆ ದೊಡ್ಡಮ್ಮ ಅಥವಾ ಚಿಕ್ಕಮ್ಮ. N ಯು L ಗೆ ಗಂಡನ ಸಹೋದರ, ಅಂದರೆ ಭಾವ ಅಥವಾ ಮೈದುನ. ಚಿತ್ರ ಒಮ್ಮೆ ಸಿದ್ಧವಾದ ಮೇಲೆ ಇಂತಹ ಪ್ರಶ್ನೆಗಳಿಗೆ ಬೆರಳನ್ನು ಸರಿಸುವಷ್ಟೇ ಕೆಲಸ.

ಬಲಗಡೆಯವರ ಲಿಂಗ ಚಿತ್ರದಿಂದಲೇ ತಿಳಿಯುವ ಸಂದರ್ಭ

ಸಾಲಿನ ಕೊನೆಯ ವ್ಯಕ್ತಿಯ ಲಿಂಗ ತಿಳಿಯುವುದಿಲ್ಲ ಎಂಬುದನ್ನು ಕೆಲವರು ಮುರಿಯಲಾಗದ ಸೂತ್ರವೆಂಬಂತೆ ಕಂಠಪಾಠ ಮಾಡಿರುತ್ತಾರೆ. ಅದು ಅರ್ಧ ಸತ್ಯ. ಈ ಸಾಲನ್ನು ನೋಡಿ: `P + Q × R ÷ S`. ಇಲ್ಲಿ S ಯು P ಗೆ ಏನಾಗಬೇಕು?

ಕೊನೆಯ ಕೊಂಡಿ `R ÷ S`, ಅಂದರೆ R ಯು S ಯ ಮಗಳು. ಈ ಚಿಹ್ನೆಯೊಂದರಿಂದಲೇ S ತಂದೆಯೋ ತಾಯಿಯೋ ಹೇಳಲಾಗದು. ಸೂತ್ರವನ್ನು ನಂಬಿದವರು ಇಲ್ಲಿಯೇ "ನಿರ್ಧರಿಸಲು ಸಾಧ್ಯವಿಲ್ಲ" ಎಂಬುದನ್ನು ಗುರುತು ಮಾಡಿ ಮುಂದೆ ಹೋಗುತ್ತಾರೆ. ಆದರೆ ಚಿತ್ರ ಬಿಡಿಸಿದರೆ ಬೇರೆಯದೇ ಕಾಣುತ್ತದೆ. P ಯು Q ಯ ತಂದೆ. Q ಮತ್ತು R ಒಡಹುಟ್ಟಿದವರು, ಆದ್ದರಿಂದ P ಯು R ಗೂ ತಂದೆ. R ಗೆ ಹೆತ್ತವರ ಸ್ಥಾನದಲ್ಲಿ S ಎಂಬ ಇನ್ನೊಬ್ಬರು ಇದ್ದಾರೆ. ತಂದೆಯ ಸ್ಥಾನ ಈಗಾಗಲೇ P ಯಿಂದ ತುಂಬಿದೆ, S ಎಂಬುದು P ಅಲ್ಲ. ಉಳಿದಿರುವುದು ತಾಯಿಯ ಸ್ಥಾನ ಮಾತ್ರ. ಹಾಗಾಗಿ S ಹೆಂಗಸು, ಮತ್ತು P ಯ ಹೆಂಡತಿ.

```
[P]===(S)
    |
[Q]---(R)
```

ಇದೇ ಸಾಲಿನಿಂದ ಮೊದಲ ಕೊಂಡಿಯನ್ನು ತೆಗೆದು `Q × R ÷ S` ಎಂದಷ್ಟೇ ಕೊಟ್ಟರೆ S ಯ ಲಿಂಗ ಮತ್ತೆ ಅನಿಶ್ಚಿತವಾಗುತ್ತದೆ. ಎರಡು ಸಾಲುಗಳ ಕೊನೆಯ ಕೊಂಡಿ ಒಂದೇ, ಉತ್ತರ ಮಾತ್ರ ಬೇರೆ. ಚಿಹ್ನೆಗಳನ್ನು ಮಾತ್ರ ನೋಡಿ ಉತ್ತರಿಸುವ ಅಡ್ಡದಾರಿಗಳ ಬಗ್ಗೆ ನನಗೆ ನಂಬಿಕೆಯಿಲ್ಲದಿರುವುದಕ್ಕೆ ಇದೇ ಕಾರಣ. ಚಿತ್ರದಲ್ಲಿ ಒಂದೇ ಮಗುವಿನ ಮೇಲೆ ಎರಡು ಅಕ್ಷರಗಳು ಬಂದು ಕುಳಿತಾಗಲೆಲ್ಲ ಅವುಗಳ ನಡುವೆ ಜೋಡಿ ಗೆರೆ ಎಳೆಯಿರಿ. ಒಬ್ಬರ ಲಿಂಗ ತಿಳಿದಿದ್ದರೆ ಇನ್ನೊಬ್ಬರದೂ ತಿಳಿದಂತೆ.

ಈ ಸಾಲಿನಲ್ಲಿ ಇನ್ನೊಂದು ಸಾಮಾನ್ಯ ತಪ್ಪು ನಡೆಯುತ್ತದೆ. `P + Q × R` ಎಂಬುದನ್ನು ಓದುವಾಗ ಕೆಲವರು R ಅನ್ನು P ಯ ಒಡಹುಟ್ಟಿದವರನ್ನಾಗಿ ಮಾಡಿಬಿಡುತ್ತಾರೆ, ಏಕೆಂದರೆ ಮನಸ್ಸಿನಲ್ಲಿ ಕಥೆಯ ನಾಯಕನಾಗಿ P ಯೇ ಉಳಿದಿರುತ್ತಾನೆ. × ಎಂಬ ಚಿಹ್ನೆ ತನ್ನ ಎಡಬಲಗಳಲ್ಲಿರುವ Q ಮತ್ತು R ಗಳನ್ನು ಮಾತ್ರ ಜೋಡಿಸುತ್ತದೆ. ಉತ್ತರದಲ್ಲಿ ಒಂದು ಪೀಳಿಗೆಯಷ್ಟು ವ್ಯತ್ಯಾಸ ಬಂದರೆ ಈ ತಪ್ಪನ್ನೇ ಮೊದಲು ಹುಡುಕಬೇಕು.

ಪೀಳಿಗೆಯ ಎಣಿಕೆ: ಆಯ್ಕೆಗಳನ್ನು ಕತ್ತರಿಸುವ ಉಪಾಯ

ಮೇಲಿನ ಪ್ರಶ್ನೆಗಳಲ್ಲಿ ಸಾಲನ್ನು ಕೊಟ್ಟು ಸಂಬಂಧವನ್ನು ಕೇಳಿದ್ದರು. ತಿರುವಿದ ಪ್ರಶ್ನೆಗಳೂ ಬರುತ್ತವೆ: ಸಂಬಂಧವನ್ನು ಕೊಟ್ಟು, ಅದನ್ನು ಹೇಳುವ ಸಾಲು ಯಾವುದು ಎಂದು ನಾಲ್ಕು ಸಾಲುಗಳನ್ನು ಮುಂದಿಡುತ್ತಾರೆ. ನಾಲ್ಕಕ್ಕೂ ಚಿತ್ರ ಬಿಡಿಸುತ್ತಾ ಕುಳಿತರೆ ಸಮಯ ಸಾಲದು. ಚಿತ್ರಕ್ಕೆ ಮೊದಲು ಎರಡು ಜರಡಿಗಳಲ್ಲಿ ಅವುಗಳನ್ನು ಸೋಸಬಹುದು.

ಮೊದಲನೆಯದು ಪೀಳಿಗೆಯ ಜರಡಿ. ಎಡದಿಂದ ಬಲಕ್ಕೆ ನಡೆಯುವಾಗ + ಬಂದರೆ ಒಂದು ಮೆಟ್ಟಿಲು ಕೆಳಕ್ಕೆ, ÷ ಬಂದರೆ ಒಂದು ಮೆಟ್ಟಿಲು ಮೇಲಕ್ಕೆ, − ಮತ್ತು × ಬಂದರೆ ಅದೇ ಮೆಟ್ಟಿಲು. ನಿಯಮಪಟ್ಟಿ ಬದಲಾದಂತೆ ಈ ಮೆಟ್ಟಿಲುಗಳೂ ಬದಲಾಗುತ್ತವೆ, ಆದ್ದರಿಂದ ಇವನ್ನು ಪ್ರತಿ ಪ್ರಶ್ನೆಗೂ ಹೊಸದಾಗಿ ಗುರುತಿಸಿಕೊಳ್ಳಬೇಕು. ಎರಡನೆಯದು ಲಿಂಗದ ಜರಡಿ: ಯಾರ ಸಂಬಂಧವನ್ನು ಕೇಳಿದ್ದಾರೋ ಅವರ ಲಿಂಗ ಆ ಸಾಲಿನಲ್ಲಿ ಖಚಿತವಾಗಿದೆಯೇ ಎಂದು ನೋಡುವುದು.

X ಯು Y ಯ ಸೋದರಮಾವ, ಅಂದರೆ ತಾಯಿಯ ಸಹೋದರ, ಎಂದು ಹೇಳುವ ಸಾಲು ಇವುಗಳಲ್ಲಿ ಯಾವುದು?

```
1)  X × W + Y
2)  X × W − H + Y
3)  Y ÷ W − H × X
4)  X + W − H + Y
```

ಸೋದರಮಾವ Y ಗಿಂತ ಒಂದು ಮೆಟ್ಟಿಲು ಮೇಲಿರಬೇಕು. ಮೊದಲ ಸಾಲಿನಲ್ಲಿ X ಯಿಂದ Y ಗೆ ಒಂದು ಮೆಟ್ಟಿಲು ಕೆಳಕ್ಕೆ, ಅದು ಉಳಿಯುತ್ತದೆ. ಎರಡನೆಯದರಲ್ಲಿಯೂ ಇರುವುದು ಒಂದೇ + ಚಿಹ್ನೆ, ಅದೂ ಉಳಿಯುತ್ತದೆ. ಮೂರನೆಯದರಲ್ಲಿ ನಡಿಗೆ Y ಯಿಂದ X ಕಡೆಗೆ ಇರುವುದರಿಂದ ÷ ಎಂಬ ಒಂದು ಏರಿಕೆ X ಅನ್ನು ಒಂದು ಮೆಟ್ಟಿಲು ಮೇಲೆ ಇಡುತ್ತದೆ, ಉಳಿಯುತ್ತದೆ. ನಾಲ್ಕನೆಯದರಲ್ಲಿ ಎರಡು + ಚಿಹ್ನೆಗಳಿವೆ, ಅಂದರೆ X ಎರಡು ಮೆಟ್ಟಿಲು ಮೇಲಿರುವ ಅಜ್ಜ, ಬಿಟ್ಟುಬಿಡಬಹುದು.

ಲಿಂಗದ ಜರಡಿಗೆ ಬಂದರೆ, ಮೂರನೆಯ ಸಾಲಿನಲ್ಲಿ X ಯು × ಚಿಹ್ನೆಯ ಬಲಗಡೆ, ಸಾಲಿನ ಕೊನೆಯಲ್ಲಿದೆ. H ಯು X ಯ ಸಹೋದರ ಎಂದಷ್ಟೇ ಗೊತ್ತು, X ಸಹೋದರಿಯೂ ಆಗಿರಬಹುದು. ಆದ್ದರಿಂದ ಮೂರನೆಯದೂ ಹೋಯಿತು. ಉಳಿದದ್ದು ಮೊದಲೆರಡು; ಈಗ ಚಿತ್ರದ ಸರದಿ. ಮೊದಲನೆಯದರಲ್ಲಿ W ಯು Y ಯ ತಂದೆ, ಹಾಗಾಗಿ X ತಂದೆಯ ಸಹೋದರ. ಎರಡನೆಯದರಲ್ಲಿ W ಯು H ಯ ಹೆಂಡತಿ, H ಯು Y ಯ ತಂದೆ, ಹಾಗಾಗಿ W ತಾಯಿ.

```
[X]---(W)===[H]
          |
          Y?
```

ಉತ್ತರ ಎರಡನೆಯ ಸಾಲು. ಈ ನಿಯಮಪಟ್ಟಿಯಲ್ಲಿ "ತಾಯಿ" ಎಂಬುದಕ್ಕೆ ಪ್ರತ್ಯೇಕ ಚಿಹ್ನೆಯೇ ಇಲ್ಲ. ತಾಯಿಯನ್ನು ತರಬೇಕಾದರೆ "ತಂದೆಯ ಹೆಂಡತಿ" ಎಂದು − ಮತ್ತು + ಗಳನ್ನು ಸೇರಿಸಿಯೇ ತರಬೇಕು, ಅಥವಾ ಮಗಳು ಎಂಬ ÷ ಚಿಹ್ನೆಯ ಮೂಲಕ ಬಂದು, ಹೆಂಡತಿ ಎಂಬ − ಚಿಹ್ನೆಯಿಂದಲೋ, ಹಿಂದಿನ ಸಾಲಿನ S ಯಂತೆ ತಂದೆಯ ಸ್ಥಾನ ಮೊದಲೇ ತುಂಬಿರುವುದರಿಂದಲೋ ಅದನ್ನು ಖಚಿತಪಡಿಸಬೇಕು. ಯಾವ ಸಂಬಂಧಕ್ಕೆ ಚಿಹ್ನೆಯಿಲ್ಲ ಎಂಬುದನ್ನು ಗಮನಿಸಿಕೊಂಡರೆ ಸರಿಯಾದ ಸಾಲು ಹೇಗಿರಬೇಕು ಎಂಬ ಅಂದಾಜು ಮೊದಲೇ ಸಿಗುತ್ತದೆ.

ಪೀಳಿಗೆಯ ಎಣಿಕೆಗೆ ಒಂದು ಮಿತಿಯಿದೆ. ಅದು ಎತ್ತರವನ್ನು ಹೇಳುತ್ತದೆಯೇ ಹೊರತು ತಾಯಿಯ ಕಡೆಯೋ ತಂದೆಯ ಕಡೆಯೋ ಎಂಬುದನ್ನು ಹೇಳುವುದಿಲ್ಲ. ತಪ್ಪನ್ನು ಕಳೆಯುವುದಕ್ಕೆ ಅದು ಸಾಕು, ಸರಿಯಾದುದನ್ನು ಆರಿಸುವುದಕ್ಕೆ ಸಾಲದು.

ಬಿಟ್ಟ ಸ್ಥಳದಲ್ಲಿ ಯಾವ ಚಿಹ್ನೆ

ಮೂರನೆಯ ಬಗೆಯ ಪ್ರಶ್ನೆಯಲ್ಲಿ ಸಾಲಿನ ನಡುವೆ ಒಂದು ಚಿಹ್ನೆಯನ್ನು ಮರೆಮಾಡಿರುತ್ತಾರೆ. `A ÷ B ? C + D` ಎಂಬ ಸಾಲಿನಲ್ಲಿ A ಯು D ಯ ಸಹೋದರಿಯಾಗಬೇಕಾದರೆ ಪ್ರಶ್ನಾರ್ಥಕದ ಜಾಗದಲ್ಲಿ ಯಾವ ಚಿಹ್ನೆ ಬರಬೇಕು?

ಗೊತ್ತಿರುವ ಎರಡು ತುಂಡುಗಳನ್ನು ಮೊದಲು ಬೇರೆ ಬೇರೆಯಾಗಿ ಬರೆಯಿರಿ: B ಯ ಕೆಳಗೆ ವೃತ್ತದಲ್ಲಿ A, ಚೌಕದಲ್ಲಿ C ಮತ್ತು ಅವನ ಕೆಳಗೆ D. ಸಹೋದರಿಯಾಗಬೇಕಾದರೆ A ಮತ್ತು D ಒಂದೇ ಮೆಟ್ಟಿಲಿನಲ್ಲಿರಬೇಕು. A ಯಿಂದ ÷ ಒಂದು ಮೆಟ್ಟಿಲು ಏರಿಸಿದೆ, ಕೊನೆಯ + ಒಂದು ಮೆಟ್ಟಿಲು ಇಳಿಸಿದೆ; ಆದ್ದರಿಂದ ನಡುವಿನ ಚಿಹ್ನೆ ಏರಿಸಲೂಬಾರದು, ಇಳಿಸಲೂಬಾರದು. ಉಳಿಯುವುದು − ಮತ್ತು × ಮಾತ್ರ. × ಹಾಕಿದರೆ B ಮತ್ತು C ಸಹೋದರರಾಗಿ A ಯು D ಗೆ ದೊಡ್ಡಪ್ಪನ ಅಥವಾ ಚಿಕ್ಕಪ್ಪನ ಮಗಳಾಗುತ್ತಾಳೆ. − ಹಾಕಿದರೆ B ಯು C ಯ ಹೆಂಡತಿಯಾಗಿ, A ಮತ್ತು D ಒಂದೇ ದಂಪತಿಯ ಮಕ್ಕಳಾಗುತ್ತಾರೆ. ಉತ್ತರ −.

ಉಳಿದೆರಡು ಚಿಹ್ನೆಗಳನ್ನೂ ಇಲ್ಲಿ ಹಾಕಿ ನೋಡುವುದು ಒಳ್ಳೆಯ ಅಭ್ಯಾಸ. + ಹಾಕಿದರೆ B ಯು C ಯ ತಂದೆ. A ಯು C ಯ ಸಹೋದರಿ, ಆದ್ದರಿಂದ D ಗೆ ಸೋದರತ್ತೆ. ÷ ಹಾಕಿದರೆ B ಯು C ಯ ಮಗಳು, D ಯ ಸಹೋದರಿ. ಆಗ A ಯು D ಯ ಸಹೋದರಿಯ ಮಗಳು. ಒಂದು ಚಿಹ್ನೆಯ ಬದಲಾವಣೆಯಿಂದ ಅದೇ A ಸಹೋದರಿ, ಸೋದರ ಸಂಬಂಧಿ, ಅತ್ತೆ, ಸಹೋದರಿಯ ಮಗಳು ಎಂಬ ನಾಲ್ಕು ಸ್ಥಾನಗಳಿಗೆ ಹೋಗುತ್ತಾಳೆ. ಇಂತಹ ಒಂದು ಸಾಲನ್ನು ನಾಲ್ಕೂ ಬಗೆಯಲ್ಲಿ ಬಿಡಿಸುವುದು ನಲವತ್ತು ಬೇರೆ ಬೇರೆ ಪ್ರಶ್ನೆಗಳನ್ನು ಅವಸರದಲ್ಲಿ ಬಿಡಿಸುವುದಕ್ಕಿಂತ ಹೆಚ್ಚು ಉಪಯುಕ್ತ ಎಂಬುದು ನನ್ನ ಅನಿಸಿಕೆ.

ಆಯ್ಕೆಯಲ್ಲಿರುವ ಸಂಬಂಧವಾಚಕಗಳು

ಚಿತ್ರ ಸರಿಯಾಗಿದ್ದೂ ಉತ್ತರ ತಪ್ಪುವುದು ಪದಗಳಿಂದ. ಕನ್ನಡದಲ್ಲಿ ಅಣ್ಣನಿಗೂ ತಮ್ಮನಿಗೂ ಬೇರೆ ಬೇರೆ ಹೆಸರುಗಳಿವೆ, ದೊಡ್ಡಪ್ಪ ಬೇರೆ, ಚಿಕ್ಕಪ್ಪ ಬೇರೆ. ಸಂಕೇತದ ಪ್ರಶ್ನೆಯಾದರೋ ವಯಸ್ಸಿನ ಸುದ್ದಿಯನ್ನೇ ಎತ್ತುವುದಿಲ್ಲ. ಹೀಗಾಗಿ ತಂದೆಯ ಸಹೋದರನನ್ನು ಹೇಳಬೇಕಾದ ಕಡೆ ಆಯ್ಕೆಯಲ್ಲಿ "ಚಿಕ್ಕಪ್ಪ" ಎಂದಷ್ಟೇ ಇದ್ದರೆ, ಅವನು ತಂದೆಗಿಂತ ಕಿರಿಯನೆಂದು ಎಲ್ಲಿ ಹೇಳಿದ್ದಾರೆ ಎಂದು ತಕರಾರು ತೆಗೆಯದೆ ಅದನ್ನು ತಂದೆಯ ಸಹೋದರ ಎಂದೇ ಓದಿಕೊಳ್ಳಬೇಕು. "ದೊಡ್ಡಪ್ಪ" ಮತ್ತು "ಚಿಕ್ಕಪ್ಪ" ಎರಡೂ ಪ್ರತ್ಯೇಕ ಆಯ್ಕೆಗಳಾಗಿ ಬಂದು ವಯಸ್ಸಿನ ಸುಳಿವು ಇಲ್ಲದಿದ್ದಾಗ ಮಾತ್ರ "ನಿರ್ಧರಿಸಲು ಸಾಧ್ಯವಿಲ್ಲ" ಎಂಬುದರ ಕಡೆಗೆ ನೋಡಬೇಕು.

ಇದಕ್ಕಿಂತ ತೊಡಕಿನವು "ಮಾವ" ಮತ್ತು "ಅತ್ತೆ" ಎಂಬ ಪದಗಳು. ತಾಯಿಯ ಸಹೋದರನೂ ಮಾವ, ಗಂಡನ ಅಥವಾ ಹೆಂಡತಿಯ ತಂದೆಯೂ ಮಾವ. ತಂದೆಯ ಸಹೋದರಿಯೂ ಅತ್ತೆ, ಗಂಡನ ಅಥವಾ ಹೆಂಡತಿಯ ತಾಯಿಯೂ ಅತ್ತೆ. "ಅಳಿಯ", "ಸೊಸೆ" ಎಂಬವೂ ಹೀಗೆಯೇ ಎರಡೆರಡು ಸ್ಥಾನಗಳನ್ನು ಸೂಚಿಸುತ್ತವೆ. ಈ ಜೋಡಿ ಅರ್ಥಗಳಲ್ಲಿ ಎರಡೂ ಒಂದೇ ಮೆಟ್ಟಿಲಿನಲ್ಲಿರುವುದರಿಂದ ಪೀಳಿಗೆಯ ಎಣಿಕೆ ಇಲ್ಲಿ ಕೈಕೊಡುತ್ತದೆ. ಆಗ ನೋಡಬೇಕಾದದ್ದು ಬೆರಳು ನಡೆದ ದಾರಿಯ ಮೊದಲ ಹೆಜ್ಜೆ. ಹೊರಟ ವ್ಯಕ್ತಿಯಿಂದ ಮೊದಲ ಹೆಜ್ಜೆ ಜೋಡಿ ಗೆರೆಯ ಮೇಲೆ ಅಡ್ಡಕ್ಕೆ ಹೋಗಿ ಆಮೇಲೆ ಮೇಲೇರಿದರೆ ಅದು ಮದುವೆಯಿಂದ ಬಂದ ಮಾವ ಅಥವಾ ಅತ್ತೆ. ಮೊದಲ ಹೆಜ್ಜೆ ಲಂಬವಾಗಿ ಹೆತ್ತವರಿಗೆ ಏರಿ, ಅಲ್ಲಿಂದ ಒಂಟಿ ಗೆರೆಯಲ್ಲಿ ಅಡ್ಡಕ್ಕೆ ಹೋದರೆ ಅದು ಸೋದರಮಾವ ಅಥವಾ ಸೋದರತ್ತೆ. ಮೇಲಿನ ಸೋದರಮಾವನ ಚಿತ್ರದಲ್ಲಿ Y ಯಿಂದ ಮೊದಲ ಹೆಜ್ಜೆ ಮೇಲಕ್ಕೇ ಇತ್ತು. ಪ್ರಶ್ನೆ ಎರಡು ಭಾಷೆಗಳಲ್ಲಿ ಲಭ್ಯವಿದ್ದರೆ, ಇಂತಹ ಪದ ಎದುರಾದಾಗ ಇನ್ನೊಂದು ಭಾಷೆಯ ಆಯ್ಕೆಯನ್ನೂ ಒಮ್ಮೆ ನೋಡುವುದು ಕ್ಷೇಮ.

"ನಿರ್ಧರಿಸಲು ಸಾಧ್ಯವಿಲ್ಲ" ಎಂದು ಯಾವಾಗ ಬರೆಯಬೇಕು

ಈ ಆಯ್ಕೆಯನ್ನು ಗೊಂದಲಕ್ಕೆ ಮದ್ದಿನಂತೆ ಬಳಸುವವರಿದ್ದಾರೆ, ಅದು ಎಂದಿಗೂ ಸರಿಯಲ್ಲವೆಂದು ಬದಿಗೆ ತಳ್ಳುವವರೂ ಇದ್ದಾರೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪರೀಕ್ಷೆಯಲ್ಲಿ ಎರಡೂ ನಷ್ಟದ ದಾರಿಗಳೇ. ಇದಕ್ಕೊಂದು ಸರಳ ಪರೀಕ್ಷೆಯಿದೆ. ಚಿತ್ರದಲ್ಲಿ ಪ್ರಶ್ನಾರ್ಥಕ ಚಿಹ್ನೆ ಉಳಿದಿರುವ ವ್ಯಕ್ತಿಗೆ ಒಮ್ಮೆ ಚೌಕ ಹಾಕಿ, ಸಾಲಿನ ಎಲ್ಲ ಕೊಂಡಿಗಳೂ ನಿಲ್ಲುತ್ತವೆಯೇ ನೋಡಿ; ಮತ್ತೊಮ್ಮೆ ವೃತ್ತ ಹಾಕಿ ನೋಡಿ. ಎರಡೂ ಬಾರಿ ಎಲ್ಲ ಕೊಂಡಿಗಳು ನಿಂತು, ಉತ್ತರದ ಪದ ಮಾತ್ರ ಬದಲಾದರೆ ಆಗ "ನಿರ್ಧರಿಸಲು ಸಾಧ್ಯವಿಲ್ಲ" ಎಂಬುದು ಸರಿ. ಒಂದು ಬಾರಿ ಯಾವುದಾದರೂ ಕೊಂಡಿ ಮುರಿದರೆ ಇನ್ನೊಂದೇ ಉತ್ತರ. ಎರಡೂ ಬಾರಿ ಉತ್ತರದ ಪದ ಒಂದೇ ಆಗಿದ್ದರೆ ಆ ಲಿಂಗ ತಿಳಿಯದಿರುವುದರಿಂದ ಬಾಧಕವೇ ಇಲ್ಲ.

`P + Q × R ÷ S` ಎಂಬ ಸಾಲಿಗೆ ಇದನ್ನು ಹಚ್ಚಿ ನೋಡಿ. S ಗೆ ಚೌಕ ಹಾಕಿದರೆ R ಗೆ ಇಬ್ಬರು ತಂದೆಯರಾಗುತ್ತಾರೆ, ಕೊಂಡಿ ಮುರಿಯುತ್ತದೆ; ಆದ್ದರಿಂದ ವೃತ್ತವೇ ಸರಿ. `Q × R ÷ S` ಎಂಬಲ್ಲಿ ಚೌಕವೂ ನಿಲ್ಲುತ್ತದೆ, ವೃತ್ತವೂ ನಿಲ್ಲುತ್ತದೆ. "S ಯು Q ಗೆ ಏನಾಗಬೇಕು" ಎಂದರೆ ಒಮ್ಮೆ ತಂದೆ, ಒಮ್ಮೆ ತಾಯಿ. ಆದರೆ ಅದೇ ಸಾಲಿನಲ್ಲಿ "Q ಯು S ಗೆ ಏನಾಗಬೇಕು" ಎಂದು ಕೇಳಿದ್ದರೆ ಎರಡು ಬಾರಿಯೂ ಬರುವ ಉತ್ತರ ಮಗ ಎಂಬುದೇ.